ಬಣ್ಣ ನಿಮ್ಮದು, ಫೋಟೊ ಯಾರದು?

ಇನ್‌ಸ್ಟಾಗ್ರಾಮ್‌ನಲ್ಲಿ ಕಂಡ ಫೋಟೊವೊಂದನ್ನು ಇಳಿಸಿಕೊಂಡು ಪೆನ್ಸಿಲ್ ಚಿತ್ರವಾಗಿಯೋ ಜಲವರ್ಣವಾಗಿಯೋ ಕಾರ್ಟೂನಾಗಿಯೋ ಮಾರ್ಪಡಿಸುವುದು ಈಗ ಎರಡು ನಿಮಿಷದ ಕೆಲಸ. ಮಾರ್ಪಡಿಸಿದವರು ಅದನ್ನು ತಮ್ಮ ಪುಟದಲ್ಲಿ ಹಾಕಿ, ಕೆಳಗೆ ‘ಕೃಪೆ: ಅಂತರ್ಜಾಲ’ ಎಂದು ಬರೆದು, ಹೊಸ ಕೃತಿಯೊಂದು ಹುಟ್ಟಿತೆಂದು ನಂಬುತ್ತಾರೆ. ಇಂಥದೇ ಒಂದು ನಂಬಿಕೆ 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ನಿಂತಿತ್ತು. ಅಲ್ಲಿ ಫೋಟೊ ಮಾರ್ಪಡಿಸಿದ್ದ ಕಲಾವಿದ ಆ್ಯಂಡಿ ವಾರ್ಹಾಲ್.

ಛಾಯಾಗ್ರಾಹಕಿ ಲಿನ್ ಗೋಲ್ಡ್‌ಸ್ಮಿತ್ 1981ರಲ್ಲಿ ಗಾಯಕ ಪ್ರಿನ್ಸ್‌ ಅವರ ಫೋಟೊ ತೆಗೆದಿದ್ದರು. ಮೂರು ವರ್ಷದ ನಂತರ ವ್ಯಾನಿಟಿ ಫೇರ್ ಪತ್ರಿಕೆ ಅದರಲ್ಲೊಂದನ್ನು ವಾರ್ಹಾಲ್‌ರ ಚಿತ್ರಕ್ಕೆ ಆಧಾರವಾಗಿ ಬಳಸಲು 400 ಡಾಲರ್ ಕೊಟ್ಟು ಅನುಮತಿ ಪಡೆಯಿತು. ಬಳಕೆ ಒಂದೇ ಸಲ, ಛಾಯಾಗ್ರಾಹಕಿಯ ಹೆಸರೂ ಇರಬೇಕು ಎಂಬುದು ಕರಾರು. ಪತ್ರಿಕೆ ಹಾಗೆಯೇ ನಡೆದುಕೊಂಡಿತು. ಆದರೆ ವಾರ್ಹಾಲ್ ಅದೇ ಫೋಟೊದಿಂದ ಇನ್ನೂ 15 ಚಿತ್ರಗಳನ್ನು ಮಾಡಿಟ್ಟಿದ್ದರು. ಪ್ರಿನ್ಸ್ 2016ರಲ್ಲಿ ತೀರಿಕೊಂಡಾಗ ಅವುಗಳಲ್ಲಿ ಕಿತ್ತಳೆ ಬಣ್ಣದ ಒಂದು ಚಿತ್ರ ವಿಶೇಷ ಸಂಚಿಕೆಯ ಮುಖಪುಟಕ್ಕೆ ಬಂತು. ಅದಕ್ಕೆ ವಾರ್ಹಾಲ್ ಪ್ರತಿಷ್ಠಾನಕ್ಕೆ 10,250 ಡಾಲರ್ ಸಂದಿತು. ಗೋಲ್ಡ್‌ಸ್ಮಿತ್‌ಗೆ ಹಣವೂ ಇಲ್ಲ, ಹೆಸರೂ ಇಲ್ಲ.

ಹೊಸ ಬಣ್ಣ, ಹೊಸ ಅರ್ಥ ಬಂದಿದೆ, ಹಾಗಾಗಿ ಇದು ನ್ಯಾಯಯುತ ಬಳಕೆ ಎಂದು ಪ್ರತಿಷ್ಠಾನ ವಾದಿಸಿತು. ಕೋರ್ಟು 7–2 ಬಹುಮತದಿಂದ ಗೋಲ್ಡ್‌ಸ್ಮಿತ್ ಪರ ನಿಂತಿತು. ಅದು ನೋಡಿದ್ದು ಬಳಕೆಯ ಉದ್ದೇಶವನ್ನು. ಪ್ರಿನ್ಸ್‌ರಂಥವರ ಬಗೆಗಿನ ಲೇಖನದ ಜೊತೆ ಪತ್ರಿಕೆಗಳಿಗೆ ಅವರ ಭಾವಚಿತ್ರ ಕೊಡುವುದು ಗೋಲ್ಡ್‌ಸ್ಮಿತ್‌ರಂಥ ಛಾಯಾಗ್ರಾಹಕರ ಜೀವನೋಪಾಯ. ಕಿತ್ತಳೆ ಚಿತ್ರವೂ ಮಾಡಿದ್ದು ಅದೇ ಕೆಲಸವನ್ನು, ಅದೂ ಹಣಕ್ಕೆ. ತೀರ್ಪಿಗೆ ಮಿತಿಯೂ ಇದೆ: ಕೋರ್ಟು ತೀರ್ಮಾನಿಸಿದ್ದು ಆ ಒಂದು ಬಳಕೆಯ ಬಗ್ಗೆ ಮಾತ್ರ. ಆ ಚಿತ್ರಗಳನ್ನು ಮಾಡಿದ್ದೇ ತಪ್ಪು ಎಂದು ಅದು ಹೇಳಲಿಲ್ಲ.

ನಮ್ಮಲ್ಲಿ ಅನ್ವಯಿಸುವುದು 1957ರ ಕೃತಿಸ್ವಾಮ್ಯ ಕಾಯಿದೆ. ಫೋಟೊ ತೆಗೆದವರೇ ಅದರ ಕರ್ತೃ. ಅದನ್ನು ಪ್ರತಿ ಮಾಡುವ, ಮಾರ್ಪಡಿಸುವ, ಸಾರ್ವಜನಿಕರಿಗೆ ತಲುಪಿಸುವ ಹಕ್ಕುಗಳು ಕೃತಿಸ್ವಾಮ್ಯ ಇರುವವರ ಕೈಯಲ್ಲಿವೆ. 52ನೇ ಕಲಮು ಕೆಲವು ವಿನಾಯಿತಿಗಳನ್ನು ಕೊಟ್ಟಿದೆ. ಸ್ವಂತ ಖಾಸಗಿ ಬಳಕೆ, ವಿಮರ್ಶೆ, ಪ್ರಚಲಿತ ವಿದ್ಯಮಾನದ ವರದಿ ಅವುಗಳಲ್ಲಿ ಮುಖ್ಯವಾದವು. ಹೀಗಾಗಿ ಚಿತ್ರಕಲೆ ಕಲಿಯುತ್ತಿರುವವರು ಮನೆಯಲ್ಲಿ ಕೂತು ಬೇರೆಯವರ ಫೋಟೊ ನೋಡಿ ಬರೆದು, ಪುಸ್ತಕದಲ್ಲೇ ಇಟ್ಟುಕೊಂಡರೆ ತಕರಾರಿಗೆ ಜಾಗವಿಲ್ಲ. ಸಾರ್ವಜನಿಕ ಪುಟಕ್ಕೆ ಏರಿಸಿದ ಮೇಲೆ ಅದನ್ನು ಖಾಸಗಿ ಬಳಕೆ ಎನ್ನಲಾಗದು.

ಶೇಕಡಾ 30ರಷ್ಟು ಬದಲಾಯಿಸಿದರೆ ಸಾಕು ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಕಾಯಿದೆಯಲ್ಲಿ ಅಂಥ ಲೆಕ್ಕವೇ ಇಲ್ಲ. ನಮ್ಮ ಸುಪ್ರೀಂ ಕೋರ್ಟು 1978ರಲ್ಲಿ, ನಾಟಕ ಮತ್ತು ಸಿನಿಮಾ ನಡುವಿನ ಆರ್.ಜಿ. ಆನಂದ್ ಪ್ರಕರಣದಲ್ಲಿ, ಒಂದು ಅಳತೆಗೋಲು ಕೊಟ್ಟಿತು: ಎರಡನ್ನೂ ನೋಡಿದವರಿಗೆ ಎರಡನೆಯದು ಮೊದಲಿನದರ ನಕಲೆಂಬ ಭಾವನೆ ಖಚಿತವಾಗಿ ಬರುತ್ತದೆಯೇ? ಮನೆಯಲ್ಲೇ ಪರೀಕ್ಷಿಸಬಹುದು. ಮೂಲ ಫೋಟೊವನ್ನೂ ನಿಮ್ಮ ಚಿತ್ರವನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಮುಖ ತಿರುಗಿದ ಕೋನ, ನೆರಳು ಬಿದ್ದ ಕಡೆ, ಚೌಕಟ್ಟು ಕತ್ತರಿಸಿದ ಜಾಗ ಎಲ್ಲವೂ ಕೂಡಿ ಬಂದರೆ, ಛಾಯಾಗ್ರಾಹಕರು ಕಾದು, ಆಯ್ದು ಹಿಡಿದದ್ದೆಲ್ಲ ನಿಮ್ಮ ಚಿತ್ರದಲ್ಲಿ ಹಾಗೆಯೇ ಉಳಿದಿದೆ ಎಂದರ್ಥ. ಫಿಲ್ಟರ್ ಮುಟ್ಟುವುದು ಮೇಲ್ಮೈಯನ್ನು. ಈ ಆಯ್ಕೆಗಳನ್ನು ಅದು ಸಾಮಾನ್ಯವಾಗಿ ಅಲುಗಿಸುವುದಿಲ್ಲ.

ಫೋಟೊ ತೆಗೆದವರು ಒಪ್ಪಿದರೆ ಅರ್ಧ ಕೆಲಸ ಮುಗಿಯಿತು. ಇನ್ನರ್ಧ ಫೋಟೊದಲ್ಲಿರುವವರದು. 2007ರಲ್ಲಿ ವರ್ಜಿನ್ ಮೊಬೈಲ್‌ನ ಆಸ್ಟ್ರೇಲಿಯಾ ಶಾಖೆ ಫ್ಲಿಕರ್ ತಾಣದಿಂದ ಒಂದು ಫೋಟೊ ಎತ್ತಿಕೊಂಡು ಜಾಹೀರಾತು ಮಾಡಿತು. ತೆಗೆದವರು ಅದನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ, ಹೆಸರು ಹಾಕಿ ಯಾರು ಬೇಕಾದರೂ ಬಳಸಬಹುದು ಎಂದು ಬಿಟ್ಟಿದ್ದರು. ಚಿತ್ರದಲ್ಲಿದ್ದವಳು ಟೆಕ್ಸಾಸ್‌ನ ಹದಿಹರೆಯದ ಹುಡುಗಿ. ಅವಳನ್ನಾಗಲಿ ಮನೆಯವರನ್ನಾಗಲಿ ಯಾರೂ ಕೇಳಿರಲಿಲ್ಲ. ದೂರದ ದೇಶದಲ್ಲಿ ಅವಳ ಮುಖದ ಜೊತೆ ಗೇಲಿ ಮಾಡುವ ಸಾಲು ಅಚ್ಚಾಗಿತ್ತು. ಕುಟುಂಬ ಹೂಡಿದ ಮೊಕದ್ದಮೆ ಆ ಕೋರ್ಟಿನ ವ್ಯಾಪ್ತಿಗೆ ಬರುವುದಿಲ್ಲವೆಂಬ ಕಾರಣಕ್ಕೆ ಬಿದ್ದುಹೋಯಿತು. ಪರವಾನಗಿ ಕೊಟ್ಟವರು ಬಿಟ್ಟುಕೊಟ್ಟದ್ದು ತಮ್ಮ ಹಕ್ಕನ್ನು. ಹುಡುಗಿಯ ಮುಖದ ಮೇಲಿನ ಹಕ್ಕು ಅವರದಾಗಿರಲಿಲ್ಲ. ನಮ್ಮ ದೇಶದಲ್ಲೂ 2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದೆ.

ಈಗ ನಮ್ಮೂರಿನ ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಉಡುಪಿಯ ಹವ್ಯಾಸಿ ಛಾಯಾಗ್ರಾಹಕರೊಬ್ಬರು ಚೌಕಿಯಲ್ಲಿ ಕೂತು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿರುವ ಯಕ್ಷಗಾನ ವೇಷಧಾರಿಯ ಫೋಟೊ ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕಿದ್ದಾರೆ. ನೀವು ಅದನ್ನು ತೈಲವರ್ಣದಂತೆ ಮಾಡಿ ಹಂಚಬೇಕೆಂದಿದ್ದೀರಿ. ಮೊದಲು ಒಡೆತನ ಯಾರದೆಂದು ನೋಡಿ. ಅವರು ತಮ್ಮಷ್ಟಕ್ಕೆ ತೆಗೆದಿದ್ದರೆ ಹಕ್ಕು ಅವರದೇ. ಮೇಳದವರು ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, 17ನೇ ಕಲಮಿನ ಪ್ರಕಾರ ಹಕ್ಕು ಮೇಳದ್ದು. ಇನ್‌ಸ್ಟಾಗ್ರಾಮ್‌ಗೆ ಹಾಕುವಾಗ ಅವರು ಪರವಾನಗಿ ಕೊಟ್ಟದ್ದು ಆ ಸಂಸ್ಥೆಗೆ. ನಿಮಗೆ ಅದರಿಂದ ಏನೂ ಸಿಗುವುದಿಲ್ಲ.

ಆಮೇಲೆ ಕಲಾವಿದರ ಮಾತು. ಸಾವಿರ ಜನರೆದುರು ರಂಗದಲ್ಲಿ ನಿಂತಾಗಿನ ಫೋಟೊ ಬೇರೆ, ಚೌಕಿಯಲ್ಲಿ ಅರ್ಧ ಬಣ್ಣದಲ್ಲಿ, ಮೈಮೇಲೆ ಬಟ್ಟೆಯಿಲ್ಲದೆ ಕೂತ ಫೋಟೊ ಬೇರೆ. ಎರಡನೆಯದನ್ನು ಊರಿಗೆಲ್ಲ ತೋರಿಸಲು ಅವರಿಗೆ ಮನಸ್ಸಿಲ್ಲದಿರಬಹುದು. ಮೇಲಾಗಿ ಫಿಲ್ಟರ್‌ಗೆ ಮುಖವರ್ಣಿಕೆಯ ಅರ್ಥ ತಿಳಿಯದು. ಚುಟ್ಟಿಯ ಸಾಲನ್ನು ಒರೆಸಿಹಾಕಿ, ಹಣೆಯ ನಾಮವನ್ನು ಕದಲಿಸಿ, ಮೈಬಣ್ಣವನ್ನು ಬಿಳಿ ಮಾಡಿಬಿಟ್ಟರೆ ಅದು ಯಾವ ವೇಷವೆಂಬುದೇ ತಿಳಿಯದಂತಾಗುತ್ತದೆ. ಅದರ ಕೆಳಗೆ ಅವರ ಹೆಸರಿದ್ದರೆ ಮಾತು ಕೇಳಬೇಕಾದವರು ಅವರು. ಛಾಯಾಗ್ರಾಹಕರಿಗೂ ಇಲ್ಲಿ ಒಂದು ಆಸರೆಯಿದೆ: ತಮ್ಮ ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ವಿರೂಪಗೊಳಿಸಿದರೆ 57ನೇ ಕಲಮಿನಡಿ ತಡೆಯಬಹುದು, ಕೃತಿಸ್ವಾಮ್ಯವನ್ನು ಬೇರೆಯವರಿಗೆ ಮಾರಿದ ಮೇಲೂ.

ಆದ್ದರಿಂದ ಕೇಳುವಾಗ ‘ನಿಮ್ಮ ಫೋಟೊ ಬಳಸಲೇ?’ ಎಂದಷ್ಟೇ ಕೇಳಿದರೆ ಸಾಲದು. ಒಪ್ಪುವವರಿಗೆ ತಾವು ಏನನ್ನು ಒಪ್ಪುತ್ತಿದ್ದೇವೆಂದು ಗೊತ್ತಿರಬೇಕು. ಹೀಗೆ ಬರೆಯಬಹುದು:

“ನಮಸ್ಕಾರ. ಚೌಕಿಯಲ್ಲಿ ನೀವು ತೆಗೆದ ಈ ಫೋಟೊವನ್ನು ತೈಲವರ್ಣದಂತೆ ಮಾಡಿದ್ದೇನೆ, ಕರಡು ಜೊತೆಗಿದೆ. ನನ್ನ ಇನ್‌ಸ್ಟಾಗ್ರಾಮ್ ಪುಟದಲ್ಲಿ ಮಾತ್ರ ನಿಮ್ಮ ಹೆಸರಿನೊಂದಿಗೆ ಹಾಕಬೇಕೆಂದಿದ್ದೇನೆ. ಮಾರುವುದಿಲ್ಲ. ನಿಮ್ಮ ಒಪ್ಪಿಗೆ ಇದೆಯೇ? ಕಲಾವಿದರನ್ನೂ ಕೇಳಬೇಕು, ಅವರನ್ನು ಸಂಪರ್ಕಿಸುವುದು ಹೇಗೆ?”

ಬಂದ ಉತ್ತರವನ್ನು ಜೋಪಾನವಾಗಿಡಿ. ಮುಂದೆ ಅದೇ ಚಿತ್ರವನ್ನು ಟೀ-ಶರ್ಟಿಗೋ ಮುಖಪುಟಕ್ಕೋ ಹಾಕುವ ಆಸೆ ಬಂದರೆ ಮತ್ತೆ ಕೇಳಿ. 400 ಡಾಲರಿನ ಆ ಅನುಮತಿ ಒಂದೇ ಸಲಕ್ಕಿತ್ತು ಎಂಬುದೇ ವಾರ್ಹಾಲ್ ಪ್ರಕರಣದ ಬೇರು. ಉತ್ತರವೇ ಬಾರದಿದ್ದರೆ ಅದನ್ನು ಒಪ್ಪಿಗೆ ಎಂದು ತಿಳಿಯಬೇಡಿ. ಆಗ ಮಾರ್ಪಾಡಿಗೆ ಅವಕಾಶವಿರುವ ಕ್ರಿಯೇಟಿವ್ ಕಾಮನ್ಸ್ ಫೋಟೊ ಹುಡುಕಬಹುದು. ಪರವಾನಗಿಯ ಹೆಸರಿನಲ್ಲಿ ND ಎಂದಿದ್ದರೆ ಮಾರ್ಪಡಿಸಿದ್ದನ್ನು ಹಂಚುವಂತಿಲ್ಲ. SA ಎಂದಿದ್ದರೆ ನಿಮ್ಮ ಚಿತ್ರವನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು. ಇವೆಲ್ಲಕ್ಕಿಂತ ಸಲೀಸಾದದ್ದೂ ಒಂದಿದೆ: ಮೇಳದವರನ್ನು ಕೇಳಿ ಚೌಕಿಗೆ ನೀವೇ ಹೋಗಿ, ಕಲಾವಿದರ ಒಪ್ಪಿಗೆ ಪಡೆದು, ನಿಮ್ಮದೇ ಫೋಟೊ ತೆಗೆಯುವುದು. ಆಗ ಕೇಳಬೇಕಾದ ಇಬ್ಬರಲ್ಲಿ ಒಬ್ಬರು ನೀವೇ ಆಗಿರುತ್ತೀರಿ, ಇನ್ನೊಬ್ಬರು ನಿಮ್ಮೆದುರಿಗೇ ಕೂತಿರುತ್ತಾರೆ.