ಐದನೆಯದಕ್ಕೆ ಮತ್ತೆ ಪೆಟ್ಟು

ಸರಳೆ ವರಸೆಯ ಮೊದಲ ಪಾಠದಲ್ಲಿ ದನಿ ಹೇಗೋ ಶ್ರುತಿಗೆ ಹೊಂದಿಕೊಳ್ಳುತ್ತದೆ. ತೊಡೆಯ ಮೇಲಿನ ಕೈ ಮಾತ್ರ ತಪ್ಪುತ್ತದೆ. ಸಂಗೀತ ಶಿಕ್ಷಕಿಯೊಬ್ಬರು ಹೊಸದಾಗಿ ಸೇರಿದವರಿಗಾಗಿ ಮಾಡಿಟ್ಟಿರುವ ಕ್ಯಾರಸೆಲ್, ಅಂದರೆ ಮೊಬೈಲಿನಲ್ಲಿ ಒಂದೊಂದಾಗಿ ಸರಿಸಿ ನೋಡುವ ಚಿತ್ರಗಳ ಸಾಲು, ಹೊರಡುವುದೇ ಈ ಕೈಯಿಂದ. ಅದರಲ್ಲಿ ರಾಗದ ಹೆಸರಿಲ್ಲ. ಮೊದಲ ಚಿತ್ರದಲ್ಲಿ ಇರುವುದು ಆದಿತಾಳದ ಎಂಟು ಅಕ್ಷರಗಳು ಮತ್ತು ಎಂಟು ಅಂಗೈಗಳು.

ಆದಿತಾಳಕ್ಕೆ ಒಂದು ಲಘು, ಎರಡು ದ್ರುತ. ಲಘುವೆಂದರೆ ಒಂದು ಪೆಟ್ಟು, ಆಮೇಲೆ ಬೆರಳೆಣಿಕೆ: ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಅಲ್ಲಿಗೆ ನಾಲ್ಕು. ದ್ರುತವೆಂದರೆ ಒಂದು ಪೆಟ್ಟು, ಒಂದು ಹುಸಿ. ಹುಸಿಯಲ್ಲಿ ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುತ್ತೇವೆ. ಎರಡು ದ್ರುತಕ್ಕೆ ಇನ್ನು ನಾಲ್ಕು. ಹೀಗೆ ಎಂಟು ಅಕ್ಷರ ಸುತ್ತಿ ಬಂದರೆ ಒಂದು ಆವರ್ತ. ಪೆಟ್ಟು ಬೀಳುವುದು ಒಂದು, ಐದು, ಏಳನೆಯ ಅಕ್ಷರಗಳಲ್ಲಿ. ಶಿಕ್ಷಕಿ ಆ ಮೂರನ್ನೂ ಕೆಂಪು ಬಣ್ಣದಲ್ಲಿ ಬರೆದಿದ್ದಾರೆ.

ಎರಡನೆಯ ಚಿತ್ರ ಪೂರ್ತಿ ಐದನೆಯ ಅಕ್ಷರಕ್ಕೇ ಮೀಸಲು. ಕಲಿಯುವವರ ಕೈ ಎಡವುವುದು ಅಲ್ಲೇ. ಕಿರುಬೆರಳಿನಿಂದ ಎಣಿಸುತ್ತ ನಡುಬೆರಳಿಗೆ ಬಂದ ಹೆಬ್ಬೆರಳು, ಅದೇ ಓಟದಲ್ಲಿ ತೋರುಬೆರಳಿಗೂ ಹೋಗಿಬಿಡುತ್ತದೆ. ಆಗ ಲಘುವಿಗೆ ಐದು ಅಕ್ಷರವಾಗುತ್ತದೆ, ಆವರ್ತಕ್ಕೆ ಒಂಬತ್ತು. ಹಾಡುವವರು ಮೇಲಿನ ಷಡ್ಜ ಮುಟ್ಟಿದಾಗ ಕೈಯಲ್ಲಿ ಇನ್ನೊಂದು ಅಕ್ಷರ ಉಳಿದಿರುತ್ತದೆ. ಇದಕ್ಕೆ ಅವರು ಕೊಟ್ಟಿರುವ ಮದ್ದು, ಬಾಯಲ್ಲಿ ಅಂಕಿಯ ಬದಲು ಸೊಲ್ಲು ಹೇಳಿಸುವುದು: ಲಘುವಿಗೆ ಒಂದು ‘ತಕದಿಮಿ’, ದ್ರುತಗಳೆರಡಕ್ಕೂ ಸೇರಿ ಇನ್ನೊಂದು ‘ತಕದಿಮಿ’, ಅಕ್ಷರಕ್ಕೊಂದು ಸೊಲ್ಲು. ಅಂಕಿಯಾದರೆ ನಾಲ್ಕರ ಮುಂದೆ ಐದು ಎಂದು ಬೆರಳನ್ನು ಎಳೆದುಕೊಂಡು ಹೋಗುತ್ತದೆ. ‘ಮಿ’ ಎಂದ ಮೇಲೆ ಮತ್ತೆ ‘ತ’ ಬರುತ್ತದೆ, ‘ತ’ ಎಂದಾಗ ಕೈ ತಾನಾಗಿ ಪೆಟ್ಟಿಗೆ ಮರಳುತ್ತದೆ. ಇಡೀ ಸಾಲಿನಲ್ಲಿ ನನಗೆ ಬಹಳ ಹಿಡಿಸಿದ ಚಿತ್ರ ಇದು.

ಮುಂದಿನದು ಮೂರು ಕಾಲ. ಮೊದಲ ವರಸೆಯ ಆರೋಹಣಕ್ಕೆ ಎಂಟು ಸ್ವರ, ಅವರೋಹಣಕ್ಕೆ ಎಂಟು. ಒಂದನೇ ಕಾಲದಲ್ಲಿ ಅಕ್ಷರಕ್ಕೆ ಒಂದು ಸ್ವರ, ಆದ್ದರಿಂದ ವರಸೆ ಮುಗಿಯಲು ಎರಡು ಆವರ್ತ ಬೇಕು. ಎರಡನೇ ಕಾಲದಲ್ಲಿ ಅಕ್ಷರಕ್ಕೆ ಎರಡು ಸ್ವರ, ಒಂದೇ ಆವರ್ತ ಸಾಕು. ಮೂರನೇ ಕಾಲದಲ್ಲಿ ಅಕ್ಷರಕ್ಕೆ ನಾಲ್ಕು. ಸರಿಗಮ ಎನ್ನುವಷ್ಟರಲ್ಲಿ ಒಂದು ಅಕ್ಷರ ಕಳೆಯುತ್ತದೆ, ಲಘು ಮುಗಿಯುವ ಹೊತ್ತಿಗೆ ಅವರೋಹಣವೂ ಮುಗಿದಿರುತ್ತದೆ. ಉಳಿದ ಎರಡು ದ್ರುತಕ್ಕಾಗಿ ವರಸೆಯನ್ನು ಇನ್ನೊಮ್ಮೆ ಹಾಡಬೇಕು, ಆ ಎರಡನೇ ಸಲದ ಷಡ್ಜ ಬೀಳುವುದು ಐದನೆಯ ಪೆಟ್ಟಿಗೇ.

ದನಿ ಓಡಿದರೂ ಕೈ ಓಡಬಾರದು ಎಂದು ಎಲ್ಲ ಗುರುಗಳೂ ಹೇಳುತ್ತಾರೆ. ಆದರೆ ಕೈ ಓಡಿತೋ ಇಲ್ಲವೋ ಎಂದು ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವವರಿಗೆ ತಿಳಿಯುವುದು ಹೇಗೆ? ಸ್ವರದ ಜೊತೆ ಕೈಯೂ ಎರಡು ಪಟ್ಟು ಬೇಗ ಹೋದರೆ ಎರಡೂ ಚೆನ್ನಾಗಿಯೇ ಹೊಂದುತ್ತವೆ, ಕಿವಿಗೆ ತಪ್ಪು ಕೇಳಿಸುವುದಿಲ್ಲ. ಶಿಕ್ಷಕಿಯ ಉತ್ತರ ಸರಳ: ಆವರ್ತ ಎಣಿಸಿ. ಎರಡನೇ ಕಾಲದಲ್ಲಿ ಹಾಡಿದ ವರಸೆಗೆ ಮತ್ತೆ ಎರಡು ಆವರ್ತ ಹಿಡಿದರೆ ಕಾಲ ಬದಲಾಗಿಲ್ಲ, ಲಯ ಓಡಿದೆ ಎಂದರ್ಥ.

ಚಿತ್ರಗಳನ್ನು ಅವರು ಅಕ್ಷರಕ್ಕೊಂದರಂತೆ ಮಾಡದೆ ಆವರ್ತಕ್ಕೊಂದರಂತೆ ಮಾಡಿರುವುದು ಸರಿಯಾದ ಯೋಚನೆ. ಪ್ರತಿ ಅಕ್ಷರಕ್ಕೂ ಪರದೆ ಸರಿಸಬೇಕಾದರೆ ತಾಳ ಹಾಕುವ ಕೈಗೆ ಬಿಡುವೇ ಇರುವುದಿಲ್ಲ, ಸರಿಸುವ ಬೆರಳಿನ ಏರುಪೇರೇ ಲಯವಾಗಿ ಕೂರುತ್ತದೆ. ಆದರೂ ನಿಂತ ಚಿತ್ರ ಎರಡು ಪೆಟ್ಟುಗಳ ನಡುವಿನ ಅಂತರವನ್ನು ಕೊಡಲಾರದು. ಅದಕ್ಕೆ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟುಕೊಂಡು, ಮೊದಲು ಹಾಡದೆ ಬರೀ ತಾಳ ಹಾಕಿ ಎಂದು ಚಿತ್ರದ ಕೆಳಗೇ ಬರೆದಿದ್ದಾರೆ.

ಕೊನೆಯ ಎರಡು ಚಿತ್ರ ರೂಪಕ ತಾಳದವು. ಸಪ್ತತಾಳ ಅಲಂಕಾರದಲ್ಲಿ ಕಲಿಯುವ ರೂಪಕಕ್ಕೆ ಮೊದಲು ದ್ರುತ, ಆಮೇಲೆ ನಾಲ್ಕಕ್ಷರದ ಲಘು, ಒಟ್ಟು ಆರು. ‘ಸರಿ ಸರಿಗಮ’ ಎನ್ನುವ ಸ್ವರಗಳ ಜೋಡಣೆಯೂ ಹಾಗೇ ಎರಡು, ನಾಲ್ಕು. ಕೃತಿಗಳಿಗೆ ಬಂದಾಗ ಅದೇ ಹೆಸರಿನ ತಾಳವನ್ನು ಎರಡು ಪೆಟ್ಟು, ಒಂದು ಹುಸಿ ಎಂದು ಮೂರೇ ಎಣಿಕೆಯಲ್ಲಿ ಹಾಕುತ್ತಾರೆ. ಅಲಂಕಾರ ಮುಗಿಸಿ ಕಛೇರಿ ಕೇಳಲು ಹೋದ ಹುಡುಗರು ವೇದಿಕೆಯ ಮೇಲಿನ ಕೈ ನೋಡಿ ಗಲಿಬಿಲಿಗೊಳ್ಳುತ್ತಾರೆ. ಎರಡನ್ನೂ ಪಕ್ಕಪಕ್ಕದ ಚಿತ್ರಗಳಲ್ಲಿಟ್ಟು, ಯಾವುದು ಅಲಂಕಾರಕ್ಕೆ, ಯಾವುದು ಕೃತಿಗೆ ಎಂದು ಶಿಕ್ಷಕಿ ತಲೆಬರಹದಲ್ಲೇ ಹೇಳಿಬಿಟ್ಟಿದ್ದಾರೆ.