ಯಾವುದಕ್ಕೆ ಫೋನ್, ಯಾವುದಕ್ಕೆ ಬೆಳಗಿನ ಪಟ್ಟಿ?

ಸರ್ವರ್‌ಗಳನ್ನು ಕಾಯುವ ತಂತ್ರಾಂಶ ದಿನಕ್ಕೆ ನೂರಾರು ಅಲರ್ಟ್‌ಗಳನ್ನು ಕಳಿಸಬಲ್ಲದು. ಅವುಗಳಲ್ಲಿ ಯಾವುದಕ್ಕೆ ನಡುರಾತ್ರಿ ಎಂಜಿನಿಯರ್ ಫೋನ್ ರಿಂಗಾಗಬೇಕು, ಯಾವುದು ಬೆಳಗ್ಗೆ 9ರ ಇಮೇಲ್ ಪಟ್ಟಿಯಲ್ಲಿ ಒಂದು ಸಾಲಾಗಿ ಬಂದರೆ ಸಾಕು ಎಂದು ಮೊದಲೇ ಬರೆದಿಡುವುದನ್ನು ಎಸ್ಕಲೇಶನ್ ನಿಯಮ ಎನ್ನುತ್ತಾರೆ. ತೊಂದರೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ನೋಡಿ ವಿಂಗಡಿಸುವುದು ರೂಢಿ. ಆದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಯಾರೂ ಕೈಹಾಕದಿದ್ದರೆ ಸೇವೆ ನಿಲ್ಲಲು ಇನ್ನೆಷ್ಟು ಹೊತ್ತಿದೆ?

ಡಿಸ್ಕ್ ತುಂಬುವ ತೊಂದರೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಟಿಕೆಟ್ ಕಾಯ್ದಿರಿಸುವ ಒಂದು ಜಾಲತಾಣಕ್ಕೆ ತಲಾ 500 ಜಿಬಿ ಡಿಸ್ಕ್ ಇರುವ ಎರಡು ಸರ್ವರ್‌ಗಳಿವೆ ಎಂದುಕೊಳ್ಳೋಣ. ಮೊದಲನೆಯದರಲ್ಲಿ 400 ಜಿಬಿ, ಅಂದರೆ ಶೇ. 80ರಷ್ಟು ತುಂಬಿದೆ, ಆದರೆ ದಿನಕ್ಕೆ ಸೇರುತ್ತಿರುವುದು 2 ಜಿಬಿ ಮಾತ್ರ. ಎರಡನೆಯದರಲ್ಲಿ ಶೇ. 70ರಷ್ಟೇ ತುಂಬಿದೆ, ಆದರೆ ಯಾವುದೋ ದೋಷದಿಂದ ಲಾಗ್ ಫೈಲ್ ಗಂಟೆಗೆ 40 ಜಿಬಿಯಂತೆ ಉಬ್ಬುತ್ತಿದೆ. ‘ಶೇ. 80 ದಾಟಿದರೆ ಫೋನ್ ಮಾಡು’ ಎಂಬ ನಿಯಮವಿದ್ದರೆ, 50 ದಿನ ಬಾಳುವ ಮೊದಲ ಸರ್ವರ್‌ಗಾಗಿ ಜನ ನಿದ್ದೆಗೆಡುತ್ತಾರೆ. ನಾಲ್ಕು ಗಂಟೆಯೊಳಗೆ ತುಂಬಿ ಡೇಟಾಬೇಸ್ ನಿಲ್ಲಿಸಲಿರುವ ಎರಡನೆಯದು ಆಗ ಸುಮ್ಮನಿರುತ್ತದೆ.

ಆದ್ದರಿಂದ ನಿಯಮವನ್ನು ಶೇಕಡಾವಾರಿನ ಬದಲು ವೇಗದ ಮೇಲೆ ಬರೆಯುವುದು ಲೇಸು. ಪ್ರೊಮೀಥಿಯಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಇದಕ್ಕೆಂದೇ `predict_linear` ಎಂಬ ಫಂಕ್ಷನ್ ಇದೆ. ಕಳೆದ ಕೆಲವು ಗಂಟೆಗಳ ಏರಿಕೆಯನ್ನು ಸರಳರೇಖೆಯಾಗಿ ಮುಂದಕ್ಕೆಳೆದು, ನಾವು ಹೇಳಿದಷ್ಟು ಹೊತ್ತಿನ ನಂತರ ಎಷ್ಟು ಜಾಗ ಉಳಿದಿರುತ್ತದೆಂದು ಅದು ಅಂದಾಜಿಸುತ್ತದೆ. ಎಲ್ಲ ಏರಿಕೆಯೂ ಸರಳರೇಖೆಯಲ್ಲಿ ಸಾಗುವುದಿಲ್ಲ ಎಂಬುದೇ ಇದರ ಮಿತಿ. ರಾತ್ರಿ 2ಕ್ಕೆ ಶುರುವಾಗುವ ಬ್ಯಾಕಪ್ ಅರ್ಧ ಗಂಟೆ ಬರೆದು ನಿಂತರೂ, ಆ ಅರ್ಧ ಗಂಟೆಯನ್ನಷ್ಟೇ ನೋಡಿದರೆ ಡಿಸ್ಕ್ ಬೆಳಗಾಗುವುದರೊಳಗೆ ತುಂಬುವಂತೆ ತೋರುತ್ತದೆ. ಅದಕ್ಕಾಗಿ ಇನ್ನೆರಡು ಷರತ್ತು ಸೇರಿಸುತ್ತಾರೆ: ಖಾಲಿ ಜಾಗ ಶೇ. 40ಕ್ಕಿಂತ ಕಡಿಮೆ ಇರಬೇಕು, ಪರಿಸ್ಥಿತಿ ಸತತ ಒಂದು ಗಂಟೆ ಹಾಗೆಯೇ ಮುಂದುವರಿಯಬೇಕು.

ಇನ್ನು ಗಡಿರೇಖೆಗಳು. ಫೋನ್ ಎತ್ತಿ, ಲ್ಯಾಪ್‌ಟಾಪ್ ತೆರೆದು, ಕಾರಣ ಹುಡುಕಿ, ಜಾಗ ಬಿಡಿಸಲು ಒಂದೆರಡು ಗಂಟೆ ಬೇಕು ಎಂದಾದರೆ ಫೋನ್ ಕರೆಗೆ ‘4 ಗಂಟೆಯೊಳಗೆ ತುಂಬುತ್ತದೆ’ ಎಂಬ ಮಿತಿ ಸರಿಹೊಂದುತ್ತದೆ. ಪಟ್ಟಿಯ ಲೆಕ್ಕ ಸ್ವಲ್ಪ ಸೂಕ್ಷ್ಮ. ಶುಕ್ರವಾರ 9ರ ಪಟ್ಟಿ ಹೊರಟ ಮರುಕ್ಷಣ ಹುಟ್ಟಿದ ಅಲರ್ಟ್, ಶನಿವಾರ–ಭಾನುವಾರ ರಜೆಯಿದ್ದರೆ, ಯಾರದಾದರೂ ಕಣ್ಣಿಗೆ ಬೀಳುವುದು ಸೋಮವಾರ 9ಕ್ಕೆ. ಸರಿಯಾಗಿ 72 ಗಂಟೆಯ ಮೇಲೆ. ಸರಿಪಡಿಸಲು ಒಂದು ದಿನ ಸೇರಿಸಿದರೆ, ಕನಿಷ್ಠ ನಾಲ್ಕು ದಿನ ತಾಳುವಂಥದ್ದು ಮಾತ್ರ ಪಟ್ಟಿಗೆ ಯೋಗ್ಯ. ನಾಲ್ಕು ಗಂಟೆಗೂ ನಾಲ್ಕು ದಿನಕ್ಕೂ ನಡುವೆ ಬೀಳುವವುಗಳನ್ನು ಹಲವರು ಮರೆಯುತ್ತಾರೆ. ಅವಕ್ಕೆ ಪಾಳಿಯಲ್ಲಿರುವವರಿಗೆ ಹಗಲು ಹೊತ್ತಿನಲ್ಲಿ ಸಂದೇಶ ಹೋಗಬೇಕು, ರಜಾದಿನವೂ ಸೇರಿ. ಅಷ್ಟಾಗಿಯೂ ಯಾರೂ ಗಮನಿಸದೆ ಉಳಿದ ಹೊತ್ತು ನಾಲ್ಕು ಗಂಟೆಗಿಳಿದರೆ, ಅದೇ ಅಲರ್ಟ್ ತಾನಾಗಿ ಫೋನ್ ಕರೆಯಾಗುತ್ತದೆ.

ಫೋನ್ ರಿಂಗಾದ ಮಾತ್ರಕ್ಕೆ ವಿಷಯ ತಲುಪಿತೆಂದಲ್ಲ. ಕರೆ ಸ್ವೀಕರಿಸಿದವರು ಒಂದು ಅಂಕಿ ಒತ್ತಿ ‘ನೋಡಿಕೊಳ್ಳುತ್ತೇನೆ’ ಎಂದು ಖಚಿತಪಡಿಸಬೇಕು. ಇಲ್ಲದಿದ್ದರೆ ವಾಯ್ಸ್‌ಮೇಲ್ ಕರೆ ತೆಗೆದುಕೊಂಡರೂ ವ್ಯವಸ್ಥೆ ಅದನ್ನು ಉತ್ತರವೆಂದೇ ಎಣಿಸೀತು. ಐದು ನಿಮಿಷದಲ್ಲಿ ಖಚಿತವಾಗದಿದ್ದರೆ ಮತ್ತೊಮ್ಮೆ ಕರೆ, ಹತ್ತಕ್ಕೆ ಬದಲಿ ಎಂಜಿನಿಯರ್‌ಗೆ, ಇಪ್ಪತ್ತಕ್ಕೆ ತಂಡದ ಮುಖ್ಯಸ್ಥರಿಗೆ. ಅಂಕಿ ಒತ್ತಿ ಮತ್ತೆ ನಿದ್ದೆಗೆ ಜಾರುವವರೂ ಇರುತ್ತಾರೆ (ಮನುಷ್ಯಸಹಜ). ಹೀಗಾಗಿ ಅರ್ಧ ಗಂಟೆಯಲ್ಲಿ ತೊಂದರೆ ಬಗೆಹರಿಯದಿದ್ದರೆ ಸರಪಳಿ ಮೊದಲಿನಿಂದ ಶುರುವಾಗುವಂತೆ ಇಡಬೇಕು. ಡೇಟಾಬೇಸ್ ನಿಂತರೆ ಅದನ್ನು ನೆಚ್ಚಿದ ಹತ್ತಾರು ಸೇವೆಗಳೂ ಕೂಗಿಕೊಳ್ಳುತ್ತವೆ. ಮೂಲ ಅಲರ್ಟ್ ಸಕ್ರಿಯವಾಗಿರುವಷ್ಟು ಕಾಲ ಅವನ್ನೆಲ್ಲ ತಡೆಹಿಡಿದರೆ, ಹೋಗುವುದು ಒಂದೇ ಕರೆ.

ಪಟ್ಟಿ ಹಾಳಾಗುವುದು ನಿಧಾನವಾಗಿ. ಒಂದೇ ಸಾಲು ವಾರಗಟ್ಟಲೆ ಬರುತ್ತಿದ್ದರೆ ಕಣ್ಣು ಅದನ್ನು ದಾಟಿ ಹೋಗುತ್ತದೆ, ಅದರ ಪಕ್ಕದ ಹೊಸ ಸಾಲನ್ನೂ. ಏಳು ದಿನ ಉಳಿದ ಸಾಲನ್ನು ಒಬ್ಬರ ಹೆಸರಿಗೆ ಕೆಲಸವಾಗಿ ಹಚ್ಚಬೇಕು. ಯಾರೂ ಒಪ್ಪದಿದ್ದರೆ ಆ ಅಲರ್ಟನ್ನೇ ಅಳಿಸುವುದು ಮೇಲು. ಅದೇ ರೀತಿ, ಎದ್ದು ನೋಡಿ ‘ಏನೂ ಮಾಡಬೇಕಿರಲಿಲ್ಲ’ ಎಂದು ಎರಡು ಬಾರಿ ಬರೆದಿಟ್ಟ ಕರೆ ಪಟ್ಟಿಗೆ ಇಳಿಯಬೇಕು.

ಅಲರ್ಟ್ ಕಳಿಸುವ ಯಂತ್ರವೇ ನಿಂತರೆ ಎಲ್ಲೆಡೆ ಮೌನ. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತದೆ. ಇದಕ್ಕಾಗಿ ಸದಾ ಹೊತ್ತಿಕೊಂಡೇ ಇರುವ ಒಂದು ಹುಸಿ ಅಲರ್ಟನ್ನು ಬೇರೆ ಜಾಗದಲ್ಲಿರುವ ಸೇವೆಯೊಂದಕ್ಕೆ ನಿಮಿಷಕ್ಕೊಮ್ಮೆ ಕಳಿಸುತ್ತಾರೆ. ಅದು ಐದು ನಿಮಿಷ ಬಾರದೆ ಹೋದರೆ ಆ ಹೊರಗಿನ ಸೇವೆಯೇ ಪಾಳಿಯವರಿಗೆ ಫೋನ್ ಮಾಡುತ್ತದೆ.