ಗೃಹಸಾಲದ ಕಂತು: ಒಂದು ಲಕ್ಷ ಮೊದಲೇ ಕಟ್ಟಿದರೆ ಉಳಿಯುವುದೆಷ್ಟು?

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಕಡೆ ಬ್ಯಾಂಕ್ ಸಾಲದಿಂದ ಮನೆ ಕಟ್ಟುವ ಶಿಕ್ಷಕರು, ನರ್ಸ್‌ಗಳ ಕಂತು ಸಂಬಳದಿಂದ ಹೋಗುತ್ತದೆ. ಊರಲ್ಲಿ ಹೊಲವಿದ್ದವರಿಗೆ ಕಡಲೆ ಮಾರಿದ ಮೇಲೆ ವರ್ಷಕ್ಕೊಮ್ಮೆ ದೊಡ್ಡ ಮೊತ್ತ ಕೈಸೇರುವುದೂ ಉಂಟು. ಆ ಹಣವನ್ನು ಸಾಲಕ್ಕೆ ಕಟ್ಟಿದರೆ ಲಾಭವೆಷ್ಟು ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ.

ರೋಣದ ಶಿಕ್ಷಕಿಯೊಬ್ಬರು ಶೇ. 9ರ ಬಡ್ಡಿಗೆ, 15 ವರ್ಷಕ್ಕೆ 10 ಲಕ್ಷ ರೂ. ಸಾಲ ಪಡೆದಿದ್ದಾರೆ ಎಂದಿಟ್ಟುಕೊಳ್ಳಿ. ಮಾಸಿಕ ಕಂತು 10,143 ರೂ. ಮೊದಲ ತಿಂಗಳ ಬಡ್ಡಿಯೇ 7,500 ರೂ. ಆದ್ದರಿಂದ ಅಸಲಿಗೆ ಸೇರುವುದು 2,643 ರೂ. ಮಾತ್ರ. ಎರಡು ವರ್ಷದಲ್ಲಿ ಅವರು ಸುಮಾರು 2.43 ಲಕ್ಷ ಕಟ್ಟಿರುತ್ತಾರೆ, ಆದರೆ ಸಾಲ ಇಳಿದಿರುವುದು 69 ಸಾವಿರದಷ್ಟೇ. ಬ್ಯಾಂಕ್ ಮೋಸ ಮಾಡಿತು ಎಂದು ಅನೇಕರು ಹೇಳುವುದು ಇಲ್ಲಿಯೇ. ಮೋಸವೇನಿಲ್ಲ, ಬಾಕಿ ಅಸಲು ದೊಡ್ಡದಿರುವಾಗ ಬಡ್ಡಿಯೂ ದೊಡ್ಡದು.

ಈಗ ಅವರು 1 ಲಕ್ಷ ರೂ. ಹೆಚ್ಚುವರಿಯಾಗಿ ಕಟ್ಟುತ್ತಾರೆ. ಬಾಕಿ 9.31 ಲಕ್ಷದಿಂದ 8.31 ಲಕ್ಷಕ್ಕೆ ಇಳಿಯುತ್ತದೆ. ಇಲ್ಲಿ ಎರಡು ದಾರಿಗಳಿವೆ. ಕಂತನ್ನು ಹಾಗೆಯೇ ಇಟ್ಟು ಅವಧಿ ಕಡಿಮೆ ಮಾಡಿದರೆ ಸಾಲ 28 ತಿಂಗಳು ಮೊದಲೇ ತೀರುತ್ತದೆ, ಉಳಿಯುವ ಬಡ್ಡಿ ಸುಮಾರು 1.89 ಲಕ್ಷ. ಅವಧಿಯನ್ನು ಹಾಗೆಯೇ ಇಟ್ಟು ಕಂತು ಇಳಿಸಿದರೆ ಅದು 9,053 ರೂ. ಆಗುತ್ತದೆ, ಆದರೆ ಉಳಿಯುವ ಬಡ್ಡಿ 70 ಸಾವಿರ ಮಾತ್ರ. ತಿಂಗಳ ಖರ್ಚಿಗೇ ಕಷ್ಟವಿದ್ದರೆ ಎರಡನೆಯದು ಸರಿ, ಇಲ್ಲದಿದ್ದರೆ ಮೊದಲನೆಯದೇ ಮೇಲು. ಇದೇ ಒಂದು ಲಕ್ಷವನ್ನು ಹತ್ತು ವರ್ಷ ಕಳೆದ ಮೇಲೆ, ಕಂತು ಇಳಿಸದೆ ಕಟ್ಟಿದರೂ ಉಳಿತಾಯ 49 ಸಾವಿರದಷ್ಟೇ.

ಯಾವ ದಾರಿ ಬೇಕೆಂದು ಶಾಖೆಗೆ ಲಿಖಿತವಾಗಿ ತಿಳಿಸಬೇಕು. ಸುಮ್ಮನೆ ಖಾತೆಗೆ ಹಣ ಹಾಕಿದರೆ ಕೆಲವೆಡೆ ಅದು ಮುಂಗಡ ಕಂತಾಗಿ ಕುಳಿತುಬಿಡುತ್ತದೆ. ಮುಂದಿನ ತಿಂಗಳ ಸ್ಟೇಟ್‌ಮೆಂಟ್ ನೋಡಿ: ನಮ್ಮ ಲೆಕ್ಕದಲ್ಲಿ ತಿಂಗಳ ಬಡ್ಡಿ 750 ರೂ.ಗಳಷ್ಟು ಇಳಿದಿರಬೇಕು. ಇಳಿದಿಲ್ಲವಾದರೆ ತಕ್ಷಣ ವಿಚಾರಿಸಿ, ಹೊಸ ಕಂತುಪಟ್ಟಿಯನ್ನೂ ಕೇಳಿ ಪಡೆಯಿರಿ.

ಬದಲಾಗುವ ಬಡ್ಡಿದರದ ಗೃಹಸಾಲವನ್ನು ಮೊದಲೇ ತೀರಿಸಿದ್ದಕ್ಕೆ ವ್ಯಕ್ತಿಗಳಿಂದ ದಂಡ ವಸೂಲು ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಸೂಚಿಸಿತ್ತು. ಸ್ಥಿರ ಬಡ್ಡಿಯ ಸಾಲವಾಗಿದ್ದರೆ ಶುಲ್ಕವಿರಬಹುದು, ಒಪ್ಪಂದಪತ್ರ ಓದಿಕೊಳ್ಳಿ.

ಇನ್ನೊಂದು ಮಾತು. ಮನೆಯಲ್ಲಿ ಗೃಹಸಾಲಕ್ಕಿಂತ ದುಬಾರಿ ಬಡ್ಡಿಯ ಕೈಸಾಲವೋ ಚಿನ್ನದ ಸಾಲವೋ ಇದ್ದರೆ ಮೊದಲು ಅದನ್ನು ತೀರಿಸಿ. ಸಹಕಾರ ಸಂಘದ ರಿಯಾಯಿತಿ ಬಡ್ಡಿಯ ಬೆಳೆಸಾಲವಿದ್ದರೆ, ಗಡುವಿನೊಳಗೆ ಕಟ್ಟದಿದ್ದರೆ ಆ ರಿಯಾಯಿತಿಯೇ ತಪ್ಪುತ್ತದೆ. ಅದರ ಹಣವನ್ನು ಮನೆ ಸಾಲಕ್ಕೆ ತಿರುಗಿಸಬೇಡಿ. ಆಸ್ಪತ್ರೆ ಖರ್ಚಿಗೆಂದು ಇಟ್ಟ ಹಣವನ್ನೂ ಮುಟ್ಟಬೇಡಿ, ಸಾಲಕ್ಕೆ ಕಟ್ಟಿದ ಹಣವನ್ನು ಬ್ಯಾಂಕಿನಿಂದ ಮರಳಿ ಪಡೆಯುವುದು ಸುಲಭವಲ್ಲ.